ತೊಗರಿ ಹೊಲದ ಮೇಲೆ ಹಾರಿದ್ದು ಹದ್ದಾ, ಬೇರೇನಾ?

ಪ್ರಶ್ನೆ: ಮಗಳು ಏಳನೇ ಕ್ಲಾಸ್. ಅವಳೂ ಅವಳ ಮುತ್ಯಾನೂ ಆಳಂದ ಕಡೆ ಹೊಲದಲ್ಲಿ ಫೋನಿನಿಂದ ಒಂದು ಹಕ್ಕಿಯ ಫೋಟೋ ತೆಗೆದಿದ್ದಾರೆ. ಪೂರ್ತಿ ಮಸುಕು. ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದಾರೆ. ಇಂಥ ಫೋಟೋದಿಂದ ಹಕ್ಕಿ ಗುರುತು ಹಿಡಿದವರು ಇದ್ದೀರಾ? ಕ್ಯಾಮೆರಾ ಕೊಡಿಸಬೇಕಾ?

ಬೀದರ್‌ನಿಂದ: ಕ್ಯಾಮೆರಾ ಬೇಡವೇ ಬೇಡ. ಕಾರಂಜಾ ಜಲಾಶಯದ ಹಕ್ಕಿಗಳಿಗೆ ಅಂತಲೇ 38,000 ರೂಪಾಯಿಗೆ ಹಳೇ ಕ್ಯಾಮೆರಾ ತಗೊಂಡೆ. ಮೊದಲ ಮಳೆಗಾಲಕ್ಕೇ ಲೆನ್ಸ್ ಒಳಗೆ ಬೂಷ್ಟು. ಹೈದರಾಬಾದಿಗೆ ಒಯ್ದು 4,200 ಕೊಟ್ಟು ಕ್ಲೀನ್ ಮಾಡಿಸಿದೆ. ಬಿಚ್ಚಿ ಕೂಡಿಸಿದವನು ಫೋಕಸ್ ಕೆಡಿಸಿ ಕಳಿಸಿದ. ಮತ್ತೆ 2,500, ಬಸ್ ಚಾರ್ಜ್ ಬೇರೆ. ಅದೇ ದುಡ್ಡಿಗೆ ಒಳ್ಳೆ ದುರ್ಬೀನು ಬಂದು ಇನ್ನೂ ಉಳೀತಿತ್ತು.

ಶಹಾಪುರದಿಂದ: ನಾನೇ ಒಬ್ಬ ಮುತ್ಯಾ, ಹಾಗಾಗಿ ನಮ್ಮ ಮನೆಯ ಕಥೆ ಹೇಳ್ತೀನಿ. ಮೊಮ್ಮಗ ತೊಗರಿ ಹೊಲದಲ್ಲಿ ಒಂದು ಹಕ್ಕಿಯ ಫೋಟೋ ತೆಗೆದ. ಹಿಗ್ಗಿಸಿದರೆ ಬರೀ ಕಂದು ಚೌಕಗಳು. "ಹದ್ದು" ಅಂದ. "ಹದ್ದು ಇಷ್ಟು ಕೆಳಗೆ ಹಾರಾಡುತ್ತೇನಪ್ಪಾ?" ಅಂತ ಕೇಳಿದೆ. ಅದು ತೊಗರಿ ತುದಿಗೆ ತಾಗುವಷ್ಟು ಕೆಳಗೆ ಸಾಲು ಹಿಡಿದು ಹೋಗಿತ್ತು. ನಾಲ್ಕು ಸಲ ರೆಕ್ಕೆ ಬಡಿಯೋದು, ಆಮೇಲೆ ರೆಕ್ಕೆ ಸ್ವಲ್ಪ ಮೇಲೆತ್ತಿ ಹಿಡಿದು ತೇಲೋದು. ಇದು ಫೋಟೋದಲ್ಲಿ ಇಲ್ಲ, ನನ್ನ ಕಣ್ಣಲ್ಲಿ ಇತ್ತು.

ಹುಡುಗ ಬಾಲ ಹಿಡಿದುಕೊಂಡ. ಹದ್ದಿನ ಬಾಲದ ತುದಿ ನಡುವೆ ಒಳಗೆ ಸರಿದಿರುತ್ತೆ. ಇದರದ್ದು ಉದ್ದ, ತುದಿ ದುಂಡಗೆ. ಬಾಲದ ಬುಡದಲ್ಲಿ ಒಂದು ಬಿಳಿ ಕಲೆ. ಬಿಸಿಲಿನ ಹೊಳಪು ಇರಬಹುದು ಅಂದೆ. ಅವನು ಸುಮ್ನೆ ಕೂರಲಿಲ್ಲ. ಒಂದರ ಹಿಂದೊಂದು ತೆಗೆದ ಫೋಟೋಗಳನ್ನೆಲ್ಲ ತೆಗೆದು ನೋಡಿದ. ಹಕ್ಕಿ ತಿರುಗಿದಾಗ ರೆಕ್ಕೆ ಮೇಲಿನ ಹೊಳಪು ಜಾಗ ಬದಲಾಯಿಸಿತು, ಬಾಲದ ಬುಡದ ಬಿಳಿ ಮಾತ್ರ ಅಲ್ಲೇ ಇತ್ತು. ಅಲ್ಲಿಗೆ ಹ್ಯಾರಿಯರ್ ಅಂತ ಆಯ್ತು. ಚಳಿಗಾಲದಲ್ಲಿ ಉತ್ತರದಿಂದ ಬಂದು ನಮ್ಮ ಹೊಲಗಳಲ್ಲಿ ಮಿಡತೆ ಹಿಡಿಯುವ ಹಕ್ಕಿ ಅದು. ನಾನು ಚಿಕ್ಕವನಿದ್ದಾಗಿನಿಂದ ನೋಡ್ತಿದ್ದೇನೆ, ಹೆಸರು ಮೊಮ್ಮಗನಿಂದ ಗೊತ್ತಾಯ್ತು.

ಸೇಡಂನಿಂದ: ಇಷ್ಟೆಲ್ಲ ಯಾಕೆ? ಕಂದು ಬಣ್ಣ, ಕೊಕ್ಕೆ ಕೊಕ್ಕು, ಅಂದ್ರೆ ಹದ್ದು. ಫೋನ್ ಫೋಟೋದಲ್ಲಿ ಕಾಣೋ ಬಿಳಿ ನಂಬಬೇಡಿ. ಜೂಮ್ ಮಾಡಿದರೆ ಅಂಚಿಗೆಲ್ಲ ಬಿಳಿ ಗೆರೆ ಬರುತ್ತೆ.

ಶಹಾಪುರದಿಂದ: ಅಂಚಿನ ಗೆರೆ ಹಕ್ಕಿಯ ಸುತ್ತ ಬರುತ್ತೆ, ಬಾಲದ ಬುಡದಲ್ಲಿ ಮಾತ್ರ ಬರಲ್ಲ. ಓದದೇ ಉತ್ತರ ಕೊಡಬೇಡಿ.

ಕಲಬುರಗಿಯಿಂದ: ಜೂಮ್ ಬಗ್ಗೆ ಸೇಡಂನವರು ಹೇಳಿದ್ದು ಸರಿ, ಹದ್ದು ಅನ್ನೋದು ಸರಿ ಅಲ್ಲ. ಕೇಳಿದ ಅಮ್ಮನಿಗೆ ಒಂದು ಮಾತು. ವಾಟ್ಸಾಪ್‌ನಲ್ಲಿ ಬಂದ ಫೋಟೋ ಹಿಗ್ಗಿಸಬೇಡಿ, ಅದು ಆಗಲೇ ಕುಗ್ಗಿರುತ್ತೆ. ತೆಗೆದ ಫೋನಿನಲ್ಲೇ ನೋಡಿ. ಬೇರೆಯವರಿಗೆ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಬಣ್ಣ ಕಡೆಗೆ ನೋಡಿ, ಮೊದಲು ಬಾಲ, ರೆಕ್ಕೆಯ ಆಕಾರ.

ಶಹಾಪುರದ ಅಜ್ಜನವರೇ, ನಿಮ್ಮದು ಹ್ಯಾರಿಯರ್ರೇ. ಯಾವ ಹ್ಯಾರಿಯರ್ ಅನ್ನೋದು ಮಾತ್ರ ಆ ಫೋಟೋದಿಂದ ಸಿಗಲ್ಲ. ಮಾಂಟೆಗೂ, ಪ್ಯಾಲಿಡ್ ಎರಡೂ ಇಲ್ಲಿಗೆ ಬರುತ್ತವೆ. ಎರಡರಲ್ಲೂ ಹೆಣ್ಣು ಕಂದು, ಬಾಲದ ಬುಡ ಬಿಳಿ. ಪ್ಯಾಲಿಡ್‌ಗೆ ಕೆನ್ನೆಯ ಹಿಂದೆ ತಿಳಿ ಬಣ್ಣದ ಪಟ್ಟಿ ಎದ್ದು ಕಾಣುತ್ತೆ, ಮಸುಕಿನಲ್ಲಿ ಅದೇ ಮೊದಲು ಅಳಿಸಿಹೋಗೋದು. ಗಂಡು ಸಿಕ್ಕರೆ ಸುಲಭ. ಬೂದು ರೆಕ್ಕೆಯ ಮೇಲೆ ಕಪ್ಪು ಗೆರೆ ಇದ್ದರೆ ಮಾಂಟೆಗೂ. ಹಕ್ಕಿ ನೋಡಿದ್ದನ್ನು ದಾಖಲಿಸುವ eBird ತಾಣದಲ್ಲಿ, ಯಾವ ಜಾತಿ ಅಂತ ಹೇಳದೆ, `harrier sp.` ಅಂತ ಹಾಕಿದರೂ ಅದು ಸರಿಯಾದ ದಾಖಲೆಯೇ.

ಶಹಾಪುರದಿಂದ: ಮಾಂಟೆಗೂ ಅಂತ ನಾವು ಪಟ್ಟಿಯಲ್ಲಿ ಬರೆದಾಗಿದೆ ತಾಯಿ. ಹುಡುಗ ಪುಸ್ತಕ ಇಟ್ಟುಕೊಂಡೇ ನೋಡಿದ್ದಾನೆ.

ಕಲಬುರಗಿಯಿಂದ: ಪುಸ್ತಕದ ಚಿತ್ರದಲ್ಲಿ ಕೆನ್ನೆ ಕಾಣುತ್ತೆ, ನಿಮ್ಮ ಫೋಟೋದಲ್ಲಿ ಕಾಣಲ್ಲ. ಹುಡುಗನಿಗೆ ಬೇಜಾರಾಗಬಾರದು, ಆದರೆ ಕಾಣದ್ದನ್ನು ಬರೆಯಬಾರದು.

ಬೀದರ್‌ನಿಂದ: ಹೆಸರಿಗೆ ಜಗಳ ಆಡ್ತಾ ಕೂತ್ರೆ ಹಕ್ಕಿ ಉಳಿಯಲ್ಲ. ತೊಗರಿಗೆ ಎಷ್ಟು ಸಲ ಎಣ್ಣೆ ಹೊಡೀತೀರಿ? ಮಿಡತೆನೇ ಇಲ್ಲದಿದ್ದರೆ ಅದು ಏನು ತಿನ್ನಬೇಕು?

ಅಫಜಲಪುರದಿಂದ: ಕಾಯಿಕೊರಕ ಹುಳ ಬಿದ್ದ ಹೊಲ ನೋಡಿದ್ದೀರಾ? ಹೂವಾದಾಗ ಒಂದು ವಾರ ಬಿಟ್ಟರೆ ಕಾಯಿಗೊಂದು ತೂತು. ಎಣ್ಣೆ, ಪಂಪ್ ಬಾಡಿಗೆ, ಕೂಲಿ ಎಲ್ಲ ಸೇರಿ ಎಕರೆಗೆ ಒಂದು ಸಲಕ್ಕೇ 1,800 ಹೋಯ್ತು ನನಗೆ. ಆಮೇಲೆ ಮಳೆ ಬಂದು ತೊಳೆದುಹೋಯ್ತು, ಮತ್ತೆ ಹೊಡೆದೆ. 38,000ದ ಕ್ಯಾಮೆರಾ ಇಟ್ಟುಕೊಂಡವರು ನಮಗೆ ಹೇಳಬೇಡಿ.

ಬೀದರ್‌ನಿಂದ: ನಾನೂ ರೈತನ ಮಗನೇ ರೀ.

ಸೇಡಂನಿಂದ: ಮೂಲ ಫೋಟೋ ಕಳಿಸಿ ಅಮ್ಮಾ, ಬಾಲದ ತುದಿ ನೋಡೋಣ. ನಾನಂತೂ ಈಗಲೂ ಹದ್ದು ಅಂತಲೇ ಹೇಳ್ತೀನಿ.