ಇದು ಬಿಲ್ಲಾ, ಬರೀ ಕೊಟೇಶನ್ನಾ? ಫೋಟೋ ನೋಡಿ ಹೇಳೋದು ಹೇಗೆ?

ಪೀಣ್ಯ_ಅಕೌಂಟ್ಸ್: ನಮ್ಮ ಫ್ಯಾಕ್ಟರಿಯ ಹುಡುಗರು ಬಿಲ್ಲುಗಳ ಫೋಟೋ ತೆಗೆದು ಅಪ್‌ಲೋಡ್ ಮಾಡುತ್ತಾರೆ. ಅದನ್ನು ನೋಡಿ ನಾನು ಟ್ಯಾಲಿಯಲ್ಲಿ ಎಂಟ್ರಿ ಹಾಕಬೇಕು. ಇವತ್ತು ಯುಪಿಎಸ್ ಬ್ಯಾಟರಿಯದ್ದು ಒಂದು ಬಂದಿದೆ. ಮೇಲಿನ ಹೆಡಿಂಗ್ ಕಟ್ ಆಗಿದೆ. ಜಿಎಸ್‌ಟಿ ನಂಬರ್ ಇದೆ. 1,00,000ಕ್ಕೆ ಸಿಜಿಎಸ್‌ಟಿ 9,000, ಎಸ್‌ಜಿಎಸ್‌ಟಿ 9,000, ಒಟ್ಟು 1,18,000. ನಂಬರ್ `PI/112`. ಖರ್ಚಿಗೆ ಹಾಕಲಾ ಬೇಡವಾ?

ಶೆಟ್ರು_ಹಾರ್ಡ್‌ವೇರ್: ಜಿಎಸ್‌ಟಿ ನಂಬರ್ ಇದೆ, ಟ್ಯಾಕ್ಸ್ ಬೇರೆ ಬೇರೆ ತೋರಿಸಿದ್ದಾರೆ. ಇನ್ನೇನು ಬೇಕು? ಹಾಕಿ. ಕೊಟೇಶನ್‌ನಲ್ಲಿ ಯಾರಾದರೂ ಇಷ್ಟೆಲ್ಲಾ ಬರೆಯುತ್ತಾರಾ?

ಲೆಕ್ಕದ_ಮೇಡಂ: ಬರೆಯುತ್ತಾರೆ ಶೆಟ್ರೇ. ಅಸಲಿ ಬಿಲ್ಲಿಗೆ ಮೊದಲು ಕಳಿಸುವ ಪ್ರೊಫಾರ್ಮಾ ಮಾಡುವುದೇ ಬಿಲ್ ಮಾಡುವ ಸಾಫ್ಟ್‌ವೇರ್‌ನಲ್ಲಿ. ಅದೇ ಲೆಟರ್‌ಹೆಡ್, ಅದೇ ಟೇಬಲ್, ಅದೇ ಎಚ್‌ಎಸ್‌ಎನ್ ಕೋಡ್. ಎಷ್ಟು ಕಟ್ಟಬೇಕಾಗುತ್ತದೆ ಅಂತ ಗಿರಾಕಿಗೆ ಗೊತ್ತಾಗಲಿ ಅಂತ ಟ್ಯಾಕ್ಸೂ ಸೇರಿಸಿಯೇ ತೋರಿಸುತ್ತಾರೆ. ಹಾಗಾಗಿ ಟ್ಯಾಕ್ಸ್ ಲೆಕ್ಕ ಇದೆ ಅಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ.

ಪೀಣ್ಯದವರೇ, ಮೊತ್ತ ಬಿಡಿ. ಫೋಟೋದ ಕೆಳಗಿನ ಭಾಗದಲ್ಲಿ ಏನು ಬರೆದಿದೆ?

ಪೀಣ್ಯ_ಅಕೌಂಟ್ಸ್: ಬ್ಯಾಂಕ್ ವಿವರ ಇದೆ. ಆಮೇಲೆ ಸಣ್ಣ ಅಕ್ಷರದಲ್ಲಿ ಆರ್ಡರ್ ಜೊತೆ ಶೇ. 50 ಅಡ್ವಾನ್ಸ್, ಉಳಿದದ್ದು ಮಾಲು ಕಳಿಸುವ ಮೊದಲು, ಡೆಲಿವರಿ ಒಂದು ವಾರದಲ್ಲಿ, ಈ ರೇಟು 15 ದಿನ ಮಾತ್ರ ಅಂತಿದೆ.

ಲೆಕ್ಕದ_ಮೇಡಂ: ಅಷ್ಟು ಸಾಕು. ಇದು ಪ್ರೊಫಾರ್ಮಾ. ಬ್ಯಾಂಕ್ ವಿವರ ಎರಡರಲ್ಲೂ ಇರುತ್ತದೆ, ಅದನ್ನು ನಂಬಬೇಡಿ. ಆದರೆ "15 ದಿನ ಮಾತ್ರ", "ಒಂದು ವಾರದಲ್ಲಿ ಡೆಲಿವರಿ" ಇವೆಲ್ಲ ಮುಂದೆ ಆಗಬೇಕಾದ ಮಾತು. ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲಿ ರೇಟಿಗೆ ವಾಯಿದೆ ಯಾಕೆ ಇರಬೇಕು ಹೇಳಿ, ವ್ಯಾಪಾರ ಆಗಿಹೋಗಿರುತ್ತದಲ್ವಾ? ಹೆಡಿಂಗ್ ಕಟ್ ಆಗಿದ್ದರೆ ನಾನು ಮೊದಲು ಹುಡುಕುವುದೇ ಈ ಷರತ್ತುಗಳನ್ನು. ಮಾಲಿನ ಬಿಲ್ಲಾದರೆ ಮೂಲೆಯಲ್ಲಿ "ಒರಿಜಿನಲ್ ಫಾರ್ ರೆಸಿಪಿಯೆಂಟ್" ಇದೆಯಾ ಅಂತಲೂ ನೋಡುತ್ತೇನೆ. ಪ್ರೊಫಾರ್ಮಾದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಕೋಡ್_ಕಿಟ್ಟಿ: ಇಷ್ಟೆಲ್ಲಾ ಯಾಕೆ? ಕ್ಯುಆರ್ ಕೋಡ್ ಇದ್ದರೆ ಅಸಲಿ ಬಿಲ್, ಇಲ್ಲದಿದ್ದರೆ ಅಲ್ಲ. ಇ-ಇನ್‌ವಾಯ್ಸ್ ಬಂದ ಮೇಲೆ ಇದು ಬಗೆಹರಿದ ವಿಷಯ.

ಲೆಕ್ಕದ_ಮೇಡಂ: ಅರ್ಧ ಸರಿ. 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ ಆಗಿರುವುದು ವಹಿವಾಟು 5 ಕೋಟಿ ದಾಟಿದವರಿಗೆ. ಅದಕ್ಕಿಂತ ಚಿಕ್ಕ ಪಾರ್ಟಿಯ ಬಿಲ್ಲಿನಲ್ಲಿ ಆ ಕ್ಯುಆರ್ ಇರುವುದೇ ಇಲ್ಲ. ಆದರೂ ಅದು ಸರಿಯಾದ ಟ್ಯಾಕ್ಸ್ ಇನ್‌ವಾಯ್ಸೇ. ಇನ್ನೊಂದು ಕಡೆ, ಪ್ರೊಫಾರ್ಮಾದ ಮೇಲೂ ಕ್ಯುಆರ್ ಹಾಕಿರುತ್ತಾರೆ, ದುಡ್ಡು ಕಳಿಸಿ ಅಂತ! ಸ್ಕ್ಯಾನ್ ಮಾಡಿ ನೋಡಿ. `upi://pay` ಅಂತ ಶುರುವಾದರೆ ಅದು ಬರೀ ಪೇಮೆಂಟ್ ಕೋಡ್. ಇ-ಇನ್‌ವಾಯ್ಸ್ ಕೋಡ್ ಆದರೆ ಮಾಮೂಲಿ ಸ್ಕ್ಯಾನರ್‌ನಲ್ಲಿ `eyJ` ಅಂತ ಶುರುವಾಗುವ ಉದ್ದನೆಯ ಅಕ್ಷರಮಾಲೆ ಬರುತ್ತದೆ. ಜೊತೆಗೆ ಬಿಲ್ಲಿನ ಮೇಲೆ ಐಆರ್‌ಎನ್ ಅನ್ನುವ 64 ಅಕ್ಷರದ ಇ-ಇನ್‌ವಾಯ್ಸ್ ಗುರುತಿನ ಸಂಖ್ಯೆ ಇರಬೇಕು.

ಕೋಡ್_ಕಿಟ್ಟಿ: ಸರಿ, ಯುಪಿಐ ಕೋಡ್ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋದಲ್ಲಿ ಆ ದಟ್ಟ ಕ್ಯುಆರ್ ಎಷ್ಟೋ ಸಲ ಸ್ಕ್ಯಾನೇ ಆಗುವುದಿಲ್ಲ.

ಲೆಕ್ಕದ_ಮೇಡಂ: ಆಗ ಪಿಡಿಎಫ್ ಕೇಳಬೇಕು. ಮಸುಕು ಫೋಟೋ ಇಟ್ಟುಕೊಂಡು ಊಹೆ ಮಾಡಬಾರದು.

ಮಂಡ್ಯದ_ಗೌಡ: ಪ್ರೊಫಾರ್ಮಾ ಮೇಲೆ ದುಡ್ಡು ಕೊಡಬಾರದು ಅಂತ ಯಾರು ಹೇಳಿದ್ದು? ನಾನು ಅಕ್ಕಿ ಗಿರಣಿಗೆ ಮಷೀನ್ ತಗೊಂಡಾಗ ಬ್ಯಾಂಕಿನವರು ಪ್ರೊಫಾರ್ಮಾ ನೋಡಿಯೇ ಲೋನ್ ಕೊಟ್ಟರು. ಸುಮ್ನೆ ಹೆದರಿಸಬೇಡಿ.

ಪೀಣ್ಯ_ಅಕೌಂಟ್ಸ್: ಗೌಡ್ರೇ, ದುಡ್ಡು ಕೊಡುವ ಪ್ರಶ್ನೆ ಅಲ್ಲ. 59,000 ಅಡ್ವಾನ್ಸ್ ಆಗಲೇ ಹೋಗಿದೆ. ಖರ್ಚು ಅಂತ ಬರೆಯಲಾ ಅನ್ನುವುದು ಪ್ರಶ್ನೆ.

ಲೆಕ್ಕದ_ಮೇಡಂ: 59,000ವನ್ನು ಪಾರ್ಟಿಯ ಲೆಡ್ಜರ್‌ಗೆ ಅಡ್ವಾನ್ಸ್ ಅಂತ ಹಾಕಿ. ಖರ್ಚೂ ಬೇಡ, ಇನ್‌ಪುಟ್ ಕ್ರೆಡಿಟ್ಟೂ ಬೇಡ. ಪ್ರೊಫಾರ್ಮಾವನ್ನು ಆ ಪೇಮೆಂಟ್ ಎಂಟ್ರಿಗೆ ಲಗತ್ತಿಸಿದರೆ ಸಾಕು.

ಈಗಲೇ ಖರ್ಚು ಬರೆದರೆ ಏನಾಗುತ್ತದೆ ನೋಡಿ. ಬ್ಯಾಟರಿ ಬಂದ ದಿನ ಅಸಲಿ ಬಿಲ್ ಬರುತ್ತದೆ. ಅದರ ನಂಬರ್ ಬೇರೆ. ಫಿಟ್ಟಿಂಗ್‌ಗೆ 4,000 ಸೇರಿಸಿದ್ದಾರೆ ಅಂದುಕೊಳ್ಳಿ. ಆಗ 1,04,000ಕ್ಕೆ ಟ್ಯಾಕ್ಸ್ 18,720, ಒಟ್ಟು 1,22,720. ನಂಬರೂ ಬೇರೆ, ಮೊತ್ತವೂ ಬೇರೆ. ಹಾಗಾಗಿ ಡಬಲ್ ಎಂಟ್ರಿ ಅಂತ ಯಾವ ಸಾಫ್ಟ್‌ವೇರೂ ಎಚ್ಚರಿಸುವುದಿಲ್ಲ. ಒಂದೇ ಬ್ಯಾಟರಿಗೆ ಎರಡು ಸಲ ಖರ್ಚು ಕೂರುತ್ತದೆ. ಪಾರ್ಟಿಗೆ ಕೊಡಬೇಕಾದದ್ದು 63,720. ಲೆಡ್ಜರ್ ಅದರ ಮೇಲೆ ಇನ್ನೂ 1,18,000 ಬಾಕಿ ತೋರಿಸುತ್ತದೆ. ಯಾರಾದರೂ ಅದನ್ನು ನೋಡಿ ಚೆಕ್ ಬರೆದರೆ ಮುಗೀತು.

ಶೆಟ್ರು_ಹಾರ್ಡ್‌ವೇರ್: ಮಾರಿದವರ ರಿಟರ್ನ್‌ನಿಂದ ನಮಗೆ ಬರುವ ಜಿಎಸ್‌ಟಿ ಪಟ್ಟಿ, ಆ 2ಬಿ ನೋಡಿದರೆ ಗೊತ್ತಾಗುತ್ತದಲ್ಲ?

ಲೆಕ್ಕದ_ಮೇಡಂ: ಟ್ಯಾಕ್ಸ್ ಮಟ್ಟಿಗೆ ಗೊತ್ತಾಗುತ್ತದೆ. `PI/112` ಜಿಎಸ್‌ಟಿಆರ್-2ಬಿಯಲ್ಲಿ ಯಾವತ್ತೂ ಬರುವುದಿಲ್ಲ, ಯಾಕೆಂದರೆ ಮಾರಿದವರು ಅದನ್ನು ರಿಟರ್ನ್‌ನಲ್ಲಿ ತೋರಿಸುವುದೇ ಇಲ್ಲ. ಆದರೆ 2ಬಿ ಬರುವುದು ಮುಂದಿನ ತಿಂಗಳು 14ನೇ ತಾರೀಖಿನ ಹೊತ್ತಿಗೆ. ಅಷ್ಟರಲ್ಲಿ ಆ ತಿಂಗಳ ಲೆಕ್ಕ ಮಾಲೀಕರ ಕೈಗೆ ಹೋಗಿರುತ್ತದೆ. ಇನ್‌ಪುಟ್ ಸಿಗದ ಖರ್ಚಾದರೆ 2ಬಿಗೆ ಹೋಲಿಸಿ ನೋಡುವವರೂ ಕಡಿಮೆ.

ಡಿಸೈನರ್_ಧಾರವಾಡ: ನಾನು ಆ ಕಡೆಯವಳು. ಕೆಲಸ ಮುಗಿಸಿದ ಮೇಲೂ ನಾನು ಮೊದಲು ಪ್ರೊಫಾರ್ಮಾ ಕಳಿಸುತ್ತೇನೆ, ದುಡ್ಡು ಬಂದ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್. ಇಲ್ಲದಿದ್ದರೆ ಕಂಪನಿಯವರು ದುಡ್ಡು ಕೊಡುವ ಮೊದಲೇ ನಾನು ಕೈಯಿಂದ ಜಿಎಸ್‌ಟಿ ಕಟ್ಟಬೇಕಾಗುತ್ತದೆ. ಮಾರ್ಚ್‌ನಲ್ಲಿ ಮುಗಿಸಿಕೊಟ್ಟ ಕೆಲಸ ಅವರ ಖರ್ಚಲ್ಲವಾ ಹಾಗಾದರೆ?

ಲೆಕ್ಕದ_ಮೇಡಂ: ಖರ್ಚು ಹೌದು. ಆದರೆ ಅದಕ್ಕೆ ಆಧಾರ ನಿಮ್ಮ ಪ್ರೊಫಾರ್ಮಾ ಅಲ್ಲ, ಕೆಲಸ ಮುಗಿದಿದೆ ಅನ್ನುವುದು. ಮಾರ್ಚ್ 31ಕ್ಕೆ ಟ್ಯಾಕ್ಸ್ ಬಿಟ್ಟು ಪ್ರಾವಿಶನ್ ಮಾಡುತ್ತಾರೆ, ಬಿಲ್ ಬಂದಾಗ ಅದನ್ನು ತಿರುಗಿಸಿ ಬಿಲ್ ಹಾಕುತ್ತಾರೆ. ಇನ್‌ಪುಟ್ ಕ್ರೆಡಿಟ್ ಮಾತ್ರ ಟ್ಯಾಕ್ಸ್ ಇನ್‌ವಾಯ್ಸ್ ಕೈಗೆ ಬಂದ ಮೇಲೆಯೇ. ಮತ್ತೆ, ಸೇವೆ ಕೊಟ್ಟ 30 ದಿನದೊಳಗೆ ಇನ್‌ವಾಯ್ಸ್ ಕೊಡಬೇಕು ಅಂತ ನಿಯಮ ಇದೆ. ದುಡ್ಡು ಬರಲಿ ಅಂತ ಕಾಯುವುದು ನಿಮಗೇ ತೊಂದರೆ.

ಡಿಸೈನರ್_ಧಾರವಾಡ: ಮೂರು ತಿಂಗಳು ಸತಾಯಿಸುವ ಗಿರಾಕಿಗೂ ಆ ನಿಯಮ ಹೇಳಿ ಮೇಡಂ 🙂

ಕೋಡ್_ಕಿಟ್ಟಿ: ಅಪ್‌ಲೋಡ್ ಮಾಡುವ ಜಾಗದಲ್ಲೇ "ಬಿಲ್ / ಪ್ರೊಫಾರ್ಮಾ / ಕೊಟೇಶನ್" ಅಂತ ಆಯ್ಕೆ ಕೊಟ್ಟುಬಿಡಿ. ಹುಡುಗರೇ ಆರಿಸಲಿ.

ಪೀಣ್ಯ_ಅಕೌಂಟ್ಸ್: ಅವರು ಎಲ್ಲದಕ್ಕೂ ಬಿಲ್ ಅಂತಲೇ ಒತ್ತುತ್ತಾರೆ. ಮೊದಲನೇ ಆಯ್ಕೆ ಅದೇ ಅಲ್ವಾ.

ಲೆಕ್ಕದ_ಮೇಡಂ: ಅದಕ್ಕಿಂತ "ಮಾಲು ಬಂತಾ, ಯಾವತ್ತು?" ಅಂತ ಕೇಳಿ. ಅದಕ್ಕೆ ಅವರು ಸರಿಯಾಗಿ ಉತ್ತರ ಕೊಡಬಲ್ಲರು. ಮಾಲು ಬಂದಿಲ್ಲ ಅಂದರೆ ಖರ್ಚು ಬೇಡ, ಪಾರ್ಟಿ ಮೊದಲೇ ಟ್ಯಾಕ್ಸ್ ಇನ್‌ವಾಯ್ಸ್ ಕಳಿಸಿದ್ದರೂ.

ಶೆಟ್ರು_ಹಾರ್ಡ್‌ವೇರ್: ನಮ್ಮ ಅಂಗಡಿಯ ಬಿಲ್ಲಿನಲ್ಲಿ ಬರೀ "ಇನ್‌ವಾಯ್ಸ್" ಅಂತ ಇದೆ. ಟ್ಯಾಕ್ಸ್ ಅನ್ನುವ ಪದವೇ ಇಲ್ಲ. ನಮ್ಮದನ್ನೂ ವಾಪಸ್ ಕಳಿಸುತ್ತೀರಾ?

ಲೆಕ್ಕದ_ಮೇಡಂ: ನಾನು ಕಳಿಸುವುದಿಲ್ಲ. ಕ್ರಮಸಂಖ್ಯೆ, ತಾರೀಖು, ನಮ್ಮ ಜಿಎಸ್‌ಟಿ ನಂಬರ್, ಟ್ಯಾಕ್ಸ್ ದರ, ಸಹಿ ಎಲ್ಲಾ ಇದ್ದು 2ಬಿಯಲ್ಲಿ ಅದೇ ನಂಬರ್ ಬಂದರೆ ತಗೊಳ್ಳುತ್ತೇನೆ. ನಮ್ಮ ಆಡಿಟರ್ ಮಾತ್ರ ಒಪ್ಪುವುದಿಲ್ಲ. ಪ್ರತೀ ವರ್ಷ ಇದೇ ಜಗಳ.

ಪೀಣ್ಯ_ಅಕೌಂಟ್ಸ್: ಈಗ ಪಾರ್ಟಿಗೆ ಫೋನ್ ಮಾಡಿದೆ. ಬ್ಯಾಟರಿ ಇನ್ನೂ ಗೋಡೌನ್‌ನಲ್ಲೇ ಇದೆಯಂತೆ, ಬಾಕಿ ಕಳಿಸಿದರೆ ಬಿಲ್ ಮಾಡುತ್ತಾರಂತೆ. 59,000 ಅಡ್ವಾನ್ಸ್‌ಗೆ ಹಾಕಿದ್ದೇನೆ. ಶೆಟ್ರ ತರಹದ ಬಿಲ್ಲು ನನ್ನ ಹತ್ತಿರವೂ ಒಂದು ಕಟ್ಟು ಇದೆ. ಅದಕ್ಕೆ ಬೇರೆ ಆಡಿಟರುಗಳು ಏನು ಹೇಳುತ್ತಾರೆ, ಗೊತ್ತಿದ್ದವರು ಬರೆಯಿರಿ.