ಸಹಾಯ ಬೇಕು: ಬೆಟಗೇರಿ ನೇಕಾರರ ಸಂದರ್ಶನ ತಿದ್ದೋದು

ಎಲ್ಲಾರಿಗೂ ನಮಸ್ಕಾರ್ರಿ. ಬೆಟಗೇರಿಯ ಹಿರಿಯ ನೇಕಾರರೊಬ್ಬರ ಮಾತು ರೆಕಾರ್ಡ್ ಮಾಡಿ, ಕೇಳಿದಂಗ ಬರಕೊಂಡೇನಿ. ಈಗ ಅಚ್ಚಿಗೆ ಕೊಡಾಕ ತಿದ್ದಾಕತ್ತೇನಿ. ಒಂದು ತುಣುಕು ನೋಡ್ರಿ:

"ಅಂದ್ರ, ಆಗ ಏನಪಾ ಅಂದ್ರ, ಮಗ್ಗ, ಮಗ್ಗ ಮನ್ಯಾಗ ನಾಕು, ನಾಕೋ ಐದೋ ಇದ್ವು. ಈಗ ಒಂದೂ ಇಲ್ಲ. ಒಂದೂ ಇಲ್ಲ."

ತಿದ್ದಿದ ಮ್ಯಾಲೆ:

"ಆಗ ಮನ್ಯಾಗ ಮಗ್ಗ ನಾಕೋ ಐದೋ ಇದ್ವು. ಈಗ ಒಂದೂ ಇಲ್ಲ. ಒಂದೂ ಇಲ್ಲ."

"ಅಂದ್ರ", "ಏನಪಾ" ತಗದ್ರ ಅರ್ಥಕ್ಕೇನೂ ಧಕ್ಕಿ ಇಲ್ಲ. "ನಾಕೋ ಐದೋ" ಉಳಿಸೇನಿ, ಅವರಿಗೇ ಖಾತ್ರಿ ಇರಲಿಲ್ಲ. "ನಾಕು" ಅಂತ ಬರದ್ರ ಅವರು ಹೇಳದ ಲೆಕ್ಕ ಅವರ ಬಾಯಾಗ ಇಟ್ಟಂಗ. ಕಡೀ ಮಾತು ಆಡಿಯೋದಾಗ ಮತ್ತ ಕೇಳಿದೆ. "ಮಗ್ಗ, ಮಗ್ಗ" ತಡವರಿಕೆ. "ಒಂದೂ ಇಲ್ಲ" ಹಂಗಲ್ಲ, ನಡುವ ಸುಮ್ಮನಾಗಿ, ದನಿ ಇಳಿಸಿ ಎರಡನೇ ಸಲ ಅಂದಾರ. ಅದಕ್ಕ ಬಿಟ್ಟೇನಿ.

ತೊಡಕು ಮುಂದೈತಿ. ಕೂಲಿ ಬಗ್ಗೆ ಕೇಳಿದಾಗ ವಾರದ ಬಟವಾಡೆ ಅಷ್ಟ ಹೇಳಿದ್ರು. ಆಮ್ಯಾಲೆ ಮಕ್ಕಳ ಸಾಲಿ ಬಗ್ಗೆ ಕೇಳಿದಾಗ ಅದ ಬಟವಾಡೆ ಮತ್ತ ಹೇಳಿ, ಮುಂಗಡ ಸಾಲದ ವಿಷಯ ತಗದ್ರು. ಎರಡೂ ಕೂಡಿಸಿದ್ರ ಓದಾಕ ಸಲೀಸು. ಆದ್ರ ಸಾಲಕ್ಕೂ ಸಾಲಿ ಬಿಡಿಸಿದ್ದಕ್ಕೂ ಅವರು ಹಚ್ಚಿದ ನಂಟು ಕಡದ ಹೊಕ್ಕೈತಿ.

ಅನುಭವ ಇದ್ದವರು ಹೇಳ್ರಿ: ಮಾತಿನ ಜಾಗಾ ಬದಲಿಸ್ಲಾರದ ಪುನರಾವರ್ತನೆ ಅಷ್ಟ ಕತ್ತರಿಸ್ಲ್ಯೋ, ಎರಡೂ ಉತ್ತರ ಕೂಡಿಸಿ ಅವರಿಗೇ ಓದಿ ತೋರಿಸಿ ಒಪ್ಪಿಗಿ ತಗೊಳ್ಲ್ಯೋ?