[ಪದಚರ್ಚೆ] ಬೆಂಡೆ ಬೇರಿನ ಗಂಟು: ಬೋರ್ಡಿಗೆ ಯಾವ ಪದ? (ತುರ್ತು)

ಸುಮಾ:
ತಾರಸಿ ತೋಟದವರು ಹಳೆಯ ಕುಂಡದ ಮಣ್ಣನ್ನು ತಂದು ಒಂದೆಡೆ ಸುರಿದು, ಬೇಕಾದವರು ಒಯ್ಯುವ ಜಾಗಕ್ಕೊಂದು ಬೋರ್ಡ್ ಬರೆಸಬೇಕು. ನಾಳೆ ಬೆಳಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಬೆಂಡೆ, ಟೊಮೆಟೊ ಬೇರಿನಲ್ಲಿ ನೆಮಟೋಡ್‌ನಿಂದ ಗಂಟು ಬಂದಿದ್ದರೆ ಆ ಮಣ್ಣು ಇಲ್ಲಿ ಹಾಕಬಾರದು ಅನ್ನುವುದು ವಿಷಯ. ನಾನು ಬರೆದದ್ದು: "ಬೇರುಗಂಟು ಇರುವ ಮಣ್ಣು ಹಾಕಬೇಡಿ." ಸರಿಯೇ? ನೆಮಟೋಡ್‌ಗೆ ಜಂತುಹುಳು ಅನ್ನಬಹುದೇ?

ಶ್ರೀನಿವಾಸ:
ಜಂತುಹುಳು ಅರಿಸಮಾಸ. ಅದೂ ಹುಳುವಿಗೆ ಹುಳು ಕಟ್ಟಿದ ಹಾಗೆ. ದುಂಡುಹುಳು ಅನ್ನಿ, ಮುಗಿಯಿತು.

ಗೀತಾ:
ಮುಗಿಯಲಿಲ್ಲ. ಟೊಮೆಟೊ ಬೆಳೆಯುವವರಿಗೆ "ದುಂಡಾಣು ಸೊರಗು ರೋಗ" ಆಗಲೇ ಗೊತ್ತು, ಅದು ಬ್ಯಾಕ್ಟೀರಿಯಾದ್ದು. ಬೋರ್ಡಿನಲ್ಲಿ ದುಂಡುಹುಳು ಕಂಡರೆ ಅರ್ಧ ಜನ ಅದನ್ನೇ ಅಂದುಕೊಳ್ಳುತ್ತಾರೆ. ಜಂತುಹುಳುವನ್ನು ಕೃಷಿ ಇಲಾಖೆಯವರೂ ಬರೆಯುತ್ತಾರೆ, ಇರಲಿ.

ನನ್ನ ತಕರಾರು "ಬೇರುಗಂಟು" ಬಗ್ಗೆ. ಶಾಲೆಯ ಪಾಠದಲ್ಲಿ ಅದು ಅಲಸಂದೆ, ಶೇಂಗಾ ಬೇರಿನಲ್ಲಿ ಸಾರಜನಕ ಹಿಡಿದಿಡುವ ಗಂಟು. ನಿಮ್ಮ ಬೋರ್ಡ್ ಓದಿ ಹುರುಳಿಕಾಯಿ ಬೆಳೆದ ಒಳ್ಳೆಯ ಮಣ್ಣನ್ನು ಚೆಲ್ಲುವವರು ಖಂಡಿತ ಇರುತ್ತಾರೆ. ಆ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಉಗುರಿನಿಂದ ಮೀಟಿದರೆ ಉದುರುತ್ತದೆ, ಸೀಳಿದರೆ ಒಳಗೆ ನಸುಗೆಂಪು. ನೆಮಟೋಡಿನದು ಹಾಗಲ್ಲ. ಹುಳು ಒಳಗೆ ಸೇರಿದ ಕಡೆ ಬೇರೇ ಊದಿಕೊಳ್ಳುತ್ತದೆ. ಕೀಳಲು ಹೋದರೆ ಬೇರು ತುಂಡಾಗುತ್ತದೆ. ಅಲಸಂದೆಗೆ ಎರಡೂ ಬರಬಹುದು, ಆದ್ದರಿಂದ ಗಿಡದ ಹೆಸರು ನೋಡಿ ತೀರ್ಮಾನಿಸಬೇಡಿ, ಉಗುರು ಹಾಕಿ ನೋಡಿ.

ರೈತರ ಮಾತು "ಗಂಟುಬೇರು". ಬೇರುಗಂಟು ಅಂದರೆ ಬೇರಿನ ಮೇಲಿನ ಗಂಟು, ಗಂಟುಬೇರು ಅಂದರೆ ಗಂಟುಗಂಟಾದ ಬೇರು. ಉತ್ತರಪದ ಬದಲಾದರೆ ಅರ್ಥ ತಾನಾಗಿ ಸರಿಹೋಗುತ್ತದೆ.

ಮಂಜುನಾಥ:
ನನ್ನ ಟೊಮೆಟೊ ಮಧ್ಯಾಹ್ನ ಬಾಡಿ ಸಂಜೆ ಎದ್ದು ನಿಲ್ಲುತ್ತೆ. ನೀರು ಹೆಚ್ಚಿಸಿದೆ, ಉಪಯೋಗ ಇಲ್ಲ. ಅದೇ ಕುಂಡದಲ್ಲಿ ಎರಡು ಚೆಂಡುಹೂವಿನ ಗಿಡ ಇಟ್ಟರೆ ಹುಳು ಸಾಯುತ್ತವಂತೆ, ಹೌದಾ?

ಶ್ರೀನಿವಾಸ:
ಇದು ಪದಚರ್ಚೆ, ತೋಟಗಾರಿಕೆ ಅಲ್ಲ.

ಗೀತಾ:
ಮಂಜುನಾಥ್ ಅವರೇ, ಅರ್ಧ ಹೌದು. ಟೊಮೆಟೊ ಜೊತೆ ಎರಡು ಗಿಡ ನೆಟ್ಟರೆ ಏನೂ ಆಗದು, ಹುಳು ಟೊಮೆಟೊ ಬೇರಿಗೇ ಹೋಗುತ್ತದೆ. ಕುಂಡದ ತುಂಬ ಚೆಂಡುಹೂವು ಒಂದನ್ನೇ ಒತ್ತಾಗಿ ಎರಡು ಮೂರು ತಿಂಗಳು ಬೆಳೆಸಿ, ಆಮೇಲೆ ತರಕಾರಿ ಹಾಕಬೇಕು. ಈಗಿನ ಗಿಡಕ್ಕೆ ಮದ್ದಿಲ್ಲ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಬೇಸಿಗೆಯಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ತಲೆಮಾರು. ಕಾಯಿ ಕಿತ್ತುಕೊಂಡು, ಸಣ್ಣ ಬೇರೂ ಉಳಿಯದಂತೆ ಗಿಡ ಎಬ್ಬಿಸಿ. ಕಾಂಪೋಸ್ಟ್‌ಗೆ ಹಾಕಬೇಡಿ.

ಮಣ್ಣು ಉಳಿಸಿಕೊಳ್ಳಲೇಬೇಕಾದರೆ ಏಪ್ರಿಲ್, ಮೇ ಬಿಸಿಲೇ ಗತಿ. ಮುಷ್ಟಿ ಹಿಡಿದರೆ ಉಂಡೆಯಾಗುವಷ್ಟು, ನೀರು ತೊಟ್ಟಿಕ್ಕದಷ್ಟು ತೇವ ಮಾಡಿ. ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ನಾಲ್ಕು ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ ತಾರಸಿಯ ಮೇಲೆ ಮಲಗಿಸಿ. ವಾರಕ್ಕೊಮ್ಮೆ ಮಗುಚಿ, ನಾಲ್ಕರಿಂದ ಆರು ವಾರ ಬಿಡಿ. ಜನ ಎಡವುವುದು ಎರಡು ಕಡೆ: ಒಣಮಣ್ಣನ್ನೇ ಇಡುತ್ತಾರೆ, ಒಣಗಿದ ಮೊಟ್ಟೆ ಬಿಸಿಲಿಗೆ ಜಗ್ಗುವುದಿಲ್ಲ, ಇಲ್ಲವೇ ಕುಂಡದಲ್ಲೇ ಬಿಟ್ಟು ಮೇಲೆ ಹಾಳೆ ಹೊದಿಸುತ್ತಾರೆ, ತಳ ಕಾಯುವುದೇ ಇಲ್ಲ. ಕುಂಡವನ್ನೂ ಉಜ್ಜಿ ತೊಳೆದು ಒಣಗಿಸಿ.

ಆಮೇಲೆ 10 ಕಿಲೋ ಮಣ್ಣಿಗೆ 100ರಿಂದ 200 ಗ್ರಾಂ ಬೇವಿನ ಹಿಂಡಿ ಬೆರೆಸಿ, ತೇವವಿಟ್ಟು ಮೂರು ವಾರ ಬಿಟ್ಟು ನೆಡಿ. ಬೆರೆಸಿದ ದಿನವೇ ಸಸಿ ಇಟ್ಟರೆ ಬೇರು ಸುಡುತ್ತದೆ.

ರಾಘವ:
ಇಷ್ಟೆಲ್ಲ ಯಾಕೆ, ಪೊಟ್ಟಣದ ಮೇಲೆ "ಎನ್" ಅಕ್ಷರ ಇರುವ ಟೊಮೆಟೊ ಬೀಜ ಹಾಕಿ. ಹುಳು ನಾಟುವುದಿಲ್ಲ.

ಗೀತಾ:
ನಮ್ಮ ತಾರಸಿಯಲ್ಲಿ ಮಾರ್ಚ್ ನಂತರ ಆ ನಂಬಿಕೆ ಬೇಡ. ಮಣ್ಣು 28 ಡಿಗ್ರಿ ದಾಟಿದರೆ ಆ ನಿರೋಧಕ ಗುಣ ಸಡಿಲವಾಗುತ್ತದೆ. ಚಳಿಗಾಲದ ಬೆಳೆಗೆ ಸರಿ. ಬೆಂಡೆಗಂತೂ ಅದರಿಂದ ಉಪಯೋಗವಿಲ್ಲ.

ಶ್ರೀನಿವಾಸ:
ಪದಕ್ಕೆ ಬರೋಣ. ಗಂಟು ಗ್ರಂಥಿಯ ತದ್ಭವ. ಅಚ್ಚಗನ್ನಡ ಬೇಕಿದ್ದರೆ "ಗಿಣ್ಣುಬೇರು".

ರಾಘವ:
ಗಿಣ್ಣು ಕಬ್ಬಿಗಿರುವುದು, ಅದು ರೋಗವಲ್ಲ. ಗಂಟು ನಮ್ಮದೇ, ಗ್ರಂಥಿಯಿಂದ ಬಂತು ಅನ್ನುವುದಕ್ಕೆ ಆಧಾರ ಕೊಡಿ. ತದ್ಭವವೇ ಆದರೂ ಅರಿಸಮಾಸದ ದೋಷ ಎಲ್ಲಿಂದ ಬಂತು? ಟೊಮೆಟೊ, ಫ್ಲೆಕ್ಸ್, ಬೋರ್ಡ್ ಎಲ್ಲ ನುಂಗಿದವರಿಗೆ ಜಂತು ಗಂಟಲಲ್ಲಿ ಸಿಕ್ಕಿಕೊಂಡಿತೇ?

ಶ್ರೀನಿವಾಸ:
ಇಂಥ ಉಡಾಫೆಯಿಂದಲೇ ಕನ್ನಡ ಈ ಗತಿಗೆ ಬಂದಿರುವುದು. ಆಧಾರ ನಾಳೆ ಕೊಡುತ್ತೇನೆ.

ಸುಮಾ:
ನಾಳೆಗೆ ಬೋರ್ಡ್ ಆಗಿರುತ್ತದೆ ಸರ್. ಹೀಗೆ ಕೊಡುತ್ತಿದ್ದೇನೆ:

"ಗಂಟುಬೇರು ರೋಗ ಬಂದ ಕುಂಡದ ಮಣ್ಣನ್ನು ಇಲ್ಲಿ ಸುರಿಯಬೇಡಿ. ಗಂಟನ್ನು ಉಗುರಿನಿಂದ ಮೀಟಿ ನೋಡಿ: ಉದುರಿದರೆ ಮಣ್ಣು ತನ್ನಿ, ಬೇರೇ ತುಂಡಾದರೆ ತರಬೇಡಿ."

ಗೀತಾ:
"ಎಲ್ಲ ಗಂಟೂ ಉದುರಿದರೆ" ಅಂತ ಸೇರಿಸಿ. ಅಲಸಂದೆ ಮರೆತಿರಿ.